ರೂಫ್ ಬಿದ್ದಾಗ ಗಣಿಯೊಳಗಿಂದ ಹೋಗುವ ಮೊದಲ ವರದಿ

"ಕಲ್ಲಿದ್ದಲು ಗಣಿಯೊಳಗೆ ಛಾವಣಿ ಕುಸಿದು ಜನ ಸಿಕ್ಕಿಕೊಂಡರೆ ಶಿಫ್ಟ್ ಇನ್‌ಚಾರ್ಜ್ ಏನು ವರದಿ ಕೊಡ್ತಾರೆ?"

ನಾನು ತೆಲಂಗಾಣದ ಒಂದು ಗಣಿಯಲ್ಲಿ ಶಿಫ್ಟ್ ನೋಡಿಕೊಳ್ಳುತ್ತೇನೆ. ಮೊದಲ ವರದಿ ಹೋಗುವುದು ಒಳಗಿನ ಫೋನಿನಲ್ಲಿ. ಅದನ್ನು ನಂಬಿಕೊಂಡೇ ರೆಸ್ಕ್ಯೂ ತಂಡ ಇಳಿಯುತ್ತದೆ. ಅದಕ್ಕೇ ಕಣ್ಣಾರೆ ಕಂಡದ್ದು ಯಾವುದು, ಊಹೆ ಯಾವುದು ಅಂತ ಬೇರೆ ಮಾಡಿ ಹೇಳಬೇಕು.

ಒಂದು ಉದಾಹರಣೆ ತೆಗೆದುಕೊಳ್ಳಿ. 4.2 ಮೀಟರ್ ಅಗಲದ ಎರಡು ದಾರಿಗಳು ಕೂಡುವ ಜಂಕ್ಷನ್ನಿನಲ್ಲಿ ರೂಫ್ ಬಿದ್ದಿದೆ. ಜಂಕ್ಷನ್ ಯಾವಾಗಲೂ ಅಪಾಯದ ಜಾಗ. ಮೂಲೆಯಿಂದ ಮೂಲೆಗೆ ಸುಮಾರು 6 ಮೀಟರ್ ಕಲ್ಲು ಕೆಳಗೆ ಕಲ್ಲಿದ್ದಲಿನ ಕಂಬ ಇಲ್ಲದೆ ನಿಂತಿರುತ್ತದೆ.

ಮೊದಲು ಜನ. ಆ ಕಡೆ ಹೋದವರು ಐದು, ಈಚೆ ಬಂದವರು ಮೂರು ಎಂದರೆ ಇನ್ನಿಬ್ಬರ ಹೆಸರು ಬೇಕು. ಯಾರ ಕ್ಯಾಪ್ ಲ್ಯಾಂಪ್ ವಾಪಸ್ ಬಂದಿಲ್ಲ ಅಂತ ಲ್ಯಾಂಪ್ ರೂಮಿನ ಪುಸ್ತಕ ನೋಡಿ ತಾಳೆ ಹಾಕುತ್ತೇವೆ. ಪೈಪು ಬಡಿದು ಕಿವಿಗೊಡುತ್ತೇವೆ. ಆ ಕಡೆಯಿಂದ ಬಡಿತ ಬಂದರೆ ಎಷ್ಟು ಗಂಟೆಗೆ ಬಂತು ಎಂಬುದನ್ನೂ ಹೇಳಬೇಕು.

ಆಮೇಲೆ ಗ್ಯಾಸ್. ಬಿದ್ದ ರಾಶಿ ಗಾಳಿಯ ದಾರಿಯನ್ನು ಮುಚ್ಚಿರುತ್ತದೆ. ಮೀಥೇನ್ ಹಗುರ, ಮೇಲೆ ಆದ ಪೊಟರೆಯಲ್ಲಿ ಸೇರಿಕೊಳ್ಳುತ್ತದೆ. ಎದೆ ಎತ್ತರದಲ್ಲಿ ಅಳೆದು "ಗ್ಯಾಸ್ ಇಲ್ಲ" ಅನ್ನುವುದು ಪ್ರಾಣಕ್ಕೇ ಕುತ್ತು. ರೂಫಿಗೆ ಸಪೋರ್ಟ್ ಇಲ್ಲದ ಜಾಗಕ್ಕೆ ಕಾಲಿಡದೆ, ಉದ್ದ ಕೋಲಿಗೆ ಪ್ರೋಬ್ ಕಟ್ಟಿ ಎತ್ತಿ ಅಳೆಯಬೇಕು. ಮೀಥೇನ್ 1.25 ಶೇಕಡ ದಾಟಿದರೆ ಅಲ್ಲಿನ ಕರೆಂಟ್ ಕಟ್. ಆಮ್ಲಜನಕ 19 ಶೇಕಡಕ್ಕಿಂತ ಕಡಿಮೆ ಇದ್ದರೆ ಆ ಗಾಳಿಯಲ್ಲಿ ಬರಿಮೂಗಿನಲ್ಲಿ ಕೆಲಸ ಮಾಡುವಂತಿಲ್ಲ. ಒಂದು ರೀಡಿಂಗ್ ಸಾಲದು. ಅದೇ ಜಾಗದಲ್ಲಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆದು, ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ತಿಳಿಸಬೇಕು.

ಕೊನೆಗೆ ಸಪೋರ್ಟ್. ರೂಫಿನ ಪದರಗಳನ್ನು ಹಿಡಿದಿಡಲು ಹೊಡೆದ ಬೋಲ್ಟ್ ನಕ್ಷೆಯಲ್ಲಿ ಎಷ್ಟು ಇವೆ ಅನ್ನುವುದು ಆ ಹೊತ್ತಿಗೆ ಬೇಡ. ಕುಸಿತದ ಅಂಚಿನ ಈಚೆ ಬೋಲ್ಟಿನ ಯಾವ ಸಾಲಿನವರೆಗೆ ರೂಫ್ ಗಟ್ಟಿಯಾಗಿದೆ, ಬಡಿದಾಗ ಸದ್ದು ಗಟ್ಟಿಯಾ ಟೊಳ್ಳಾ, ಇದನ್ನು ಹೇಳಬೇಕು. ಬಿದ್ದ ಕಲ್ಲನ್ನೂ ಓದಬೇಕು. 1.8 ಮೀಟರಿನ ಬೋಲ್ಟುಗಳು ಬಿದ್ದ ಕಲ್ಲಿನೊಳಗೇ ಉಳಿದು, ಇಡೀ ಕಲ್ಲಿನ ಹಲಗೆ 2 ಮೀಟರ್ ದಪ್ಪಕ್ಕೆ ಕಳಚಿದ್ದರೆ, ಪದರ ಬಿಟ್ಟಿದ್ದು ಬೋಲ್ಟಿನ ತುದಿಗಿಂತ ಮೇಲೆ. ಹಾಗಿದ್ದರೆ ಪಕ್ಕದ ರೂಫಿಗೆ ಅದೇ ಅಳತೆಯ ಬೋಲ್ಟ್ ಇನ್ನಷ್ಟು ಹೊಡೆದು ಪ್ರಯೋಜನ ಇಲ್ಲ. ಅಂಚಿನಲ್ಲಿ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ರೂಫಿನವರೆಗೆ ಚಾಕ್ ಕಟ್ಟಿಯೇ ಮುಂದೆ ಹೋಗಬೇಕು. ಬೋಲ್ಟುಗಳು ಬರಿದಾಗಿ ಮೇಲೆ ನೇತಾಡುತ್ತಿದ್ದರೆ ಮಾತು ಬೇರೆ: ಬೋಲ್ಟಿನ ಬುಡದ ಪ್ಲೇಟ್ ಕಿತ್ತಿದೆ, ಇಲ್ಲವೇ ಸಿಮೆಂಟ್ ರಂಧ್ರದ ಬಾಯಿಯವರೆಗೆ ತುಂಬಿರಲಿಲ್ಲ.

ಬರೆದ ವರದಿ ಆಮೇಲೆ. ಜನರನ್ನು ತೆಗೆಯಲು ಬೇಕಾದದ್ದನ್ನು ಬಿಟ್ಟು, ಗಣಿ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಡಿಜಿಎಂಎಸ್ ಇನ್‌ಸ್ಪೆಕ್ಟರ್ ಬರುವವರೆಗೆ ಜಾಗ ಕದಲಿಸುವಂತಿಲ್ಲ. ಹಾಗಾಗಿ ಕಲ್ಲು ಸರಿಸುವಾಗಲೇ ಯಾವ ಬೋಲ್ಟ್ ಎಲ್ಲಿ, ಹೇಗೆ ಬಿದ್ದಿತ್ತು ಅಂತ ಒಬ್ಬರು ಗುರುತು ಹಾಕಿಕೊಳ್ಳುತ್ತಿರಬೇಕು.