ಎಂಟೂ ಮುಕ್ಕಾಲು ಗಂಟೆ ಎಂದರೆ 8.45 ಅಲ್ಲ

ಸರ್, ನಮ್ಮದು ಸಣ್ಣ ವರ್ಕ್‌ಶಾಪ್. ಬೆಳಿಗ್ಗೆ 9:10ಕ್ಕೆ ಬಂದು ಸಂಜೆ 6:25ಕ್ಕೆ ಹೋದವನಿಗೆ ಊಟದ ಅರ್ಧ ಗಂಟೆ ಕಳೆದು 8.45 ಅಂತ ಹಾಕ್ತೀನಿ. ಗಂಟೆಗೆ 120 ರೂಪಾಯಿ. ಹುಡುಗರು ಕಡಿಮೆ ಬಂತು ಅಂತಾರೆ. ಎಕ್ಸೆಲ್‌ಗೇ ಲೆಕ್ಕ ಹಾಕೋಕೆ ಬಿಟ್ರೆ 18:00 ಅಂತ ತೋರಿಸುತ್ತೆ.

ಹುಡುಗರು ಹೇಳುವುದೇ ಸರಿ. ತಿಂಗಳಿಗೆ ನಾಲ್ಕೈದು ಸಲ ಇದೇ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಈ ತಪ್ಪಿನಲ್ಲಿ ನಷ್ಟ ಆಗುವುದು ಯಾವಾಗಲೂ ಕೆಲಸದವರಿಗೇ. 45 ನಿಮಿಷವನ್ನು 60ರಿಂದ ಭಾಗಿಸಬೇಕು, ಆಗ 0.75. ನೀವು ಬರೆದ 0.45 ಗಂಟೆ ಎಂದರೆ ಬರೀ 27 ನಿಮಿಷ. ದಿನಕ್ಕೆ 18 ನಿಮಿಷ ಹೋಯಿತು, ಅಂದರೆ 36 ರೂಪಾಯಿ. ಆರು ದಿನಕ್ಕೆ ಒಬ್ಬೊಬ್ಬರಿಗೂ 216. ಹಿಂದಿನ ವಾರಗಳದ್ದನ್ನೂ ಲೆಕ್ಕ ಹಾಕಿ ಕೊಟ್ಟುಬಿಡಿ.

ಇನ್ನು ಆ 18:00. ಲೆಕ್ಕ ಸರಿಯಾಗಿಯೇ ಬಂದಿದೆ, ತೋರಿಸುವ ರೀತಿ ತಪ್ಪು, ಅಷ್ಟೇ. ಎಕ್ಸೆಲ್ ಸಮಯವನ್ನು ದಿನದ ಭಾಗವಾಗಿ ಇಟ್ಟುಕೊಳ್ಳುತ್ತದೆ. ಮಧ್ಯಾಹ್ನ 12 ಅಂದರೆ ಅದಕ್ಕೆ 0.5. ಅದಕ್ಕೇ 24ರಿಂದ ಗುಣಿಸಿದರೆ ಗಂಟೆ ಸಿಗುತ್ತದೆ. ನಿಮಗೆ 8.75 ಸಿಕ್ಕಿತ್ತು, ಆದರೆ ಆ ಸೆಲ್ ಸಮಯದ ಫಾರ್ಮ್ಯಾಟ್‌ನಲ್ಲಿತ್ತು. ಎಂಟು ದಿನ ಬಿಟ್ಟು ಉಳಿದ ಮುಕ್ಕಾಲು ದಿನವನ್ನು 18:00 ಎಂದು ತೋರಿಸಿತು. ಸೆಲ್‌ನ ಫಾರ್ಮ್ಯಾಟ್ Number ಮಾಡಿ, 8.75 ಕಾಣುತ್ತದೆ.

B2ನಲ್ಲಿ ಬಂದ ಸಮಯ, C2ನಲ್ಲಿ ಹೋದ ಸಮಯ, D2ನಲ್ಲಿ ಊಟದ 0:30 ಇದ್ದರೆ ನಾನು ಹಾಕುವುದು ಇದು:

```
=IF(COUNT(B2:C2)=2,(MOD(C2-B2,1)-D2)*24,"")
```

MOD ಇರುವುದು ರಾತ್ರಿ ಪಾಳಿಗೆ. 22:00ಕ್ಕೆ ಬಂದು ಬೆಳಿಗ್ಗೆ 6:30ಕ್ಕೆ ಹೋದವನಿಗೆ ಸುಮ್ನೆ ಕಳೆದರೆ ಮೈನಸ್ 15.5 ಬರುತ್ತದೆ, MOD ಹಾಕಿದರೆ ಊಟ ಕಳೆಯುವ ಮುಂಚೆ ಸರಿಯಾಗಿ 8.5.

COUNT ಯಾಕೆ ಅಂತ ಕೇಳುವವರು ಜಾಸ್ತಿ. ಅದನ್ನು ತೆಗೆಯಬೇಡಿ. ಹೋಗುವಾಗ ಪಂಚ್ ಮಾಡಲು ಮರೆತವನ C2 ಖಾಲಿ ಇರುತ್ತದೆ, ಆಗ MOD ಅವನನ್ನು ನಡುರಾತ್ರಿವರೆಗೆ ಕೂರಿಸಿ 14.33 ಗಂಟೆ ಕೊಡುತ್ತದೆ. ನಾನು ಲೆಕ್ಕ ನೋಡಲು ಹೋದ ಒಂದು ಕಡೆ ಹೀಗೆ ಬಂದ ಗಂಟೆಗಳಿಗೆಲ್ಲ ಓಟಿ ಕೊಟ್ಟು, ಆಮೇಲೆ ಒಂದೇ ಸಲ ಸಂಬಳದಲ್ಲಿ ಹಿಡಿದುಕೊಂಡಿದ್ದರು. ಪಾಪ, ಅವರದೇನು ತಪ್ಪು? COUNT ಇದ್ದರೆ ಆ ಸಾಲು ಖಾಲಿ ಉಳಿಯುತ್ತದೆ, ನೀವು ಹೋಗಿ ಕೇಳುತ್ತೀರಿ. ಪಂಚಿಂಗ್ ಮೆಷಿನ್ನಿಂದ ಬಂದ ಫೈಲಲ್ಲಿ ಸಮಯ ಅಕ್ಷರವಾಗಿ ಕೂತಿದ್ದರೂ ಅಷ್ಟೇ, ಸಾಲು ಖಾಲಿ. ಅಂಥದ್ದು ಸಾಮಾನ್ಯವಾಗಿ ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತದೆ, ನೋಡಿದರೇ ಗೊತ್ತಾಗುತ್ತದೆ.

ಒಂದನ್ನು ಮಾತ್ರ ಇದು ಹಿಡಿಯುವುದಿಲ್ಲ. 9:10 ಬದಲು ಚುಕ್ಕಿ ಇಟ್ಟು 9.10 ಅಂತ ಟೈಪ್ ಮಾಡುವುದು. ನಮ್ಮಲ್ಲಿ ಕೈಯಲ್ಲಿ ಬರೆಯುವಾಗ ಹಾಗೇ ಬರೆಯುತ್ತೇವೆ, ಅಲ್ವಾ? ಎಕ್ಸೆಲ್‌ಗೆ ಅದು ಒಂಬತ್ತು ದಿನ ಚಿಲ್ಲರೆ. ಕೊನೆಯ ಸೊನ್ನೆ ಉದುರಿ 9.1 ಎಂದು ನಿಂತಿದ್ದರೆ ಅದೇ ಗುರುತು. ಹೋದದ್ದನ್ನೂ 18.25 ಅಂತ ಹಾಕಿದರೆ ಇಡೀ ದಿನದ ಕೆಲಸಕ್ಕೆ 3.10 ಗಂಟೆ ಬರುತ್ತದೆ. B ಮತ್ತು C ಕಾಲಮ್ಮಿಗೆ Data Validation ಹಾಕಿ, Time ಆರಿಸಿ, 0:00ರಿಂದ 23:59 ಕೊಟ್ಟುಬಿಡಿ. ಆಮೇಲೆ ಚುಕ್ಕಿ ಇಟ್ಟು ಟೈಪ್ ಮಾಡಿದರೆ ಒಳಗೇ ಬಿಡುವುದಿಲ್ಲ.

ದಿನದ ಲೆಕ್ಕವನ್ನು ಎರಡು ದಶಮಾಂಶಕ್ಕೆ ROUND ಮಾಡಲಾ?

ಬೇಡ. ದಿನಕ್ಕೆ 8 ಗಂಟೆ 20 ನಿಮಿಷದಂತೆ ಆರು ದಿನ ಎಂದರೆ ಸರಿಯಾಗಿ 50 ಗಂಟೆ. ದಿನದಿನವೂ 8.33 ಮಾಡಿ ಕೂಡಿದರೆ 49.98. ವಾರದ ಮೊತ್ತಕ್ಕೆ ಒಂದೇ ಸಲ ROUND ಮಾಡಿ. ಕ್ಯಾಲ್ಕುಲೇಟರ್‌ನಲ್ಲಿ ಕೂಡಿ ನೋಡುವವರಿಗೆ ಈ ಎರಡು ಪೈಸೆಯಂಥ ವ್ಯತ್ಯಾಸ ಎಲ್ಲಿಂದ ಬಂತು ಅಂತ ಮೊದಲೇ ಹೇಳಿಡಿ.

ವಾರದ ಒಟ್ಟು 52:30 ಬರಬೇಕು, 4:30 ಬರ್ತಿದೆ!

ಫಾರ್ಮ್ಯಾಟ್ `[h]:mm` ಮಾಡಿ.

ನಿಮಿಷವನ್ನು 100ರಿಂದ ಭಾಗಿಸಿ ಅಂತ ವಿಡಿಯೋದಲ್ಲಿ ಹೇಳಿದ್ರು. ಅವರದೇ ರೆಡಿ ಶೀಟ್ 499 ರೂಪಾಯಿಗೆ ಸಿಗುತ್ತೆ, ತಗೊಳ್ಳಲಾ?

ಬೇಡವೇ ಬೇಡ. ಗಂಟೆಗೆ ಎಷ್ಟು ನಿಮಿಷ ಅಂತ ಗೊತ್ತಿಲ್ಲದವರ ಕೈಗೆ ಬೇರೆಯವರ ಕೂಲಿ ಲೆಕ್ಕ ಕೊಡಬೇಡಿ. ಈಗಾಗಲೇ ತಗೊಂಡಿದ್ದರೆ 9:00ರಿಂದ 17:45 ಹಾಕಿ ನೋಡಿ. 8.45 ಬಂದರೆ ಅಳಿಸಿಬಿಡಿ.