ಪಂಪ್ ಸ್ಟೌವ್, ಬತ್ತಿ ಸ್ಟೌವ್, ಗ್ಯಾಸ್, ಇಂಡಕ್ಷನ್: ನೋಡಿ ಗುರುತಿಸುವುದು ಹೇಗೆ?

ಪ್ರಶ್ನೆ: ಅಜ್ಜಿ ಮನೆ ಅಟ್ಟದಲ್ಲಿ ಒಂದು ಹಿತ್ತಾಳೆ ಒಲೆ ಸಿಕ್ಕಿದೆ. ಮೂರು ಕಾಲು, ಕೆಳಗೆ ದುಂಡನೆ ಟ್ಯಾಂಕ್, ಮೇಲೆ ಬರ್ನರ್. ಬತ್ತಿ ಎಲ್ಲೂ ಕಾಣಿಸ್ತಿಲ್ಲ. ಇದು ಗ್ಯಾಸಿಂದಾ, ಸೀಮೆಎಣ್ಣೆದಾ? ಒಲೆ ನೋಡಿದ ಕೂಡಲೇ ಗೊತ್ತಾಗೋದು ಹೇಗೆ?

ಅದು ಸೀಮೆಎಣ್ಣೆಯ ಪಂಪ್ ಸ್ಟೌವ್. ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ 1892ರಲ್ಲಿ ಮಾಡಿದ ಪ್ರೈಮಸ್ ಒಲೆಯ ವಂಶದ್ದು. ಟ್ಯಾಂಕಿನ ಪಕ್ಕದಲ್ಲಿ ಸಣ್ಣ ಗುಂಡಿ ಇರುವ ಕಡ್ಡಿ ಇರುತ್ತದೆ, ಎಳೆದರೆ ಹೊರಗೆ ಬರುತ್ತದೆ. ಅದೇ ಪಂಪು. ಎಣ್ಣೆ ತುಂಬುವ ಮುಚ್ಚಳವೂ, ಗಾಳಿ ಬಿಡುವ ಚಿಕ್ಕ ತಿರುಪೂ ಟ್ಯಾಂಕಿನ ಮೇಲೇ ಇರುತ್ತವೆ.

ಪಂಪು ಕಳೆದುಹೋಗಿದ್ದರೂ ಬರ್ನರ್ ನೋಡಿದರೆ ಸಾಕು. ಟ್ಯಾಂಕಿನ ನಡುವಿನಿಂದ ಒಂದು ಕೊಳವೆ ಮೇಲೆ ಬಂದು, ಬರ್ನರ್‌ನಲ್ಲಿ ಕವಲೊಡೆದು ಬಾಗಿ, ಮತ್ತೆ ನಡುವಿಗೆ ಇಳಿಯುತ್ತದೆ. ಈ ಬಾಗಿದ ಕೊಳವೆಗಳೇ ದೊಡ್ಡ ಗುರುತು. ಒತ್ತಡಕ್ಕೆ ಮೇಲೇರುವ ಸೀಮೆಎಣ್ಣೆ ಅಲ್ಲಿ ಕಾದು ಆವಿಯಾಗಿ, ನಡುವಿನ ನಿಪ್ಪಲ್‌ನ ಕೂದಲೆಳೆಯಷ್ಟು ಸಣ್ಣ ತೂತಿನಿಂದ ನುಗ್ಗುತ್ತದೆ. ಆ ತೂತು ಕಟ್ಟಿಕೊಂಡರೆ ಚುಚ್ಚಿ ಬಿಡಿಸೋಕೇ ಸ್ಟೌವ್ ಪಿನ್ನು. ಬರ್ನರ್‌ನ ಬುಡದಲ್ಲಿ ಪುಟ್ಟ ಬಟ್ಟಲೂ ಇರುತ್ತದೆ. ಅದರಲ್ಲಿ ಸ್ವಲ್ಪ ಸ್ಪಿರಿಟ್ ಉರಿಸಿ ಮೊದಲು ಕೊಳವೆಗಳನ್ನು ಕಾಯಿಸಬೇಕು. ಸರಿಯಾಗಿ ಕಾಯದಿದ್ದರೆ ಎಣ್ಣೆ ಹಸಿಯಾಗೇ ಚಿಮ್ಮಿ ಹಳದಿ ಜ್ವಾಲೆ ಎದ್ದುಬಿಡುತ್ತದೆ. ಈ ಒಲೆಯಲ್ಲಿ ಆಗುವ ಅನಾಹುತಗಳಲ್ಲಿ ಇದೂ ಒಂದು.

ಇನ್ನೊಂದು ವಿಷಯ ಗಮನಿಸಿ: ಇಂಥ ಹಳೇ ಒಲೆಗಳಲ್ಲಿ ಸಾಮಾನ್ಯವಾಗಿ ಉರಿ ಹೆಚ್ಚು ಕಡಿಮೆ ಮಾಡುವ ಗುಂಡಿಯೇ ಇರುವುದಿಲ್ಲ. ಜಾಸ್ತಿ ಬೇಕಾದರೆ ಪಂಪು ಹೊಡೆಯಬೇಕು, ಕಡಿಮೆ ಬೇಕಾದರೆ ತಿರುಪು ಸಡಿಲಿಸಿ ಗಾಳಿ ಬಿಡಬೇಕು. ಆರಿಸುವುದೂ ಹಾಗೇ.

ನಿಮ್ಮದನ್ನು ಹಚ್ಚುವ ಮನಸ್ಸಿದ್ದರೆ ಮೊದಲು ಎಣ್ಣೆ ಹಾಕದೆ, ಮುಚ್ಚಳ ಮತ್ತು ತಿರುಪು ಬಿಗಿ ಮಾಡಿ, ನಿಪ್ಪಲ್ ಮೇಲೆ ಬೆರಳಿಟ್ಟು ನಾಲ್ಕಾರು ಸಲ ಪಂಪು ಹೊಡೆಯಿರಿ. ಬೆಸುಗೆ ಇರುವ ಕಡೆ, ಮುಚ್ಚಳದ ಸುತ್ತ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಗಾಳಿ ಸೋರುತ್ತಿದೆ ಎಂದರ್ಥ. ಮುಚ್ಚಳದಲ್ಲಿ ಸೋರಿದರೆ ವಾಷರ್ ಬದಲಿಸಬಹುದು. ಬೆಸುಗೆಯಲ್ಲೇ ಸೋರಿದರೆ ದಯವಿಟ್ಟು ಹಚ್ಚಬೇಡಿ. ಪಂಪು ಹೊಡೆದರೂ ಒತ್ತಡವೇ ಏರದಿದ್ದರೆ ಒಳಗಿನ ಚರ್ಮದ ವಾಷರ್ ಒಣಗಿರಬಹುದು, ಎರಡು ಹನಿ ಮೆಷಿನ್ ಎಣ್ಣೆ ಬಿಟ್ಟರೆ ಮೆತ್ತಗಾಗುತ್ತದೆ. ಪೆಟ್ರೋಲಂತೂ ಯಾವತ್ತೂ ತುಂಬಬೇಡಿ.

ಬತ್ತಿ ಸ್ಟೌವ್‌ಗೂ ಸೀಮೆಎಣ್ಣೆಯೇ, ಆದರೆ ಟ್ಯಾಂಕು ಪೂರ್ತಿ ಬೇರೆ. ಅಲ್ಲಿ ಒತ್ತಡ ಇಲ್ಲ. ದೀಪದಲ್ಲಿ ಆಗುವ ಹಾಗೆ ಬತ್ತಿಯೇ ಎಣ್ಣೆ ಹೀರಿ ಮೇಲಕ್ಕೆ ತರಬೇಕು. ಬತ್ತಿ ಹೆಚ್ಚು ಎತ್ತರಕ್ಕೆ ಹೀರಲಾರದು. ಅದಕ್ಕೇ ಟ್ಯಾಂಕು ಅಗಲವಾಗಿ, ತಗ್ಗಾಗಿ, ಬರ್ನರಿಗೆ ಹತ್ತಿರದಲ್ಲೇ ಇರುತ್ತದೆ. ತೆಳು ತಗಡಾದರೂ ನಡೆಯುತ್ತದೆ. ಮೇಲೆ ಉಂಗುರದ ಹಾಗೆ ಸಾಲಾಗಿ ನಿಂತ ಬತ್ತಿಗಳು, ಅವುಗಳ ಮೇಲೆ ಒಂದರೊಳಗೊಂದು ಕೂತ ತೂತು ತೂತಿನ ತಗಡಿನ ಕೊಳವೆಗಳು, ಪಕ್ಕದಲ್ಲಿ ಬತ್ತಿ ಏರಿಸಿ ಇಳಿಸುವ ಗುಂಡಿ ಅಥವಾ ಹಿಡಿ. ಇಂಡಿಯನ್ ಆಯಿಲ್‌ನವರ ‘ನೂತನ್’ ಸ್ಟೌವ್ ನೋಡಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಬತ್ತಿಗಳು ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ ಒಂದು ಕಡೆ ಹಳದಿ ಉರಿ ಬಂದು ಪಾತ್ರೆಗೆ ಮಸಿ ಹಿಡಿಯುತ್ತದೆ.

ಗ್ಯಾಸ್ ಒಲೆಯಲ್ಲಿ ಟ್ಯಾಂಕು ಇರುವುದಿಲ್ಲ, ಸಿಲಿಂಡರಿನಿಂದ ಪೈಪು ಬರುತ್ತದೆ. ಆದರೆ ಮೋಸ ಹೋಗುವುದು ಎಲ್ಲಿ ಗೊತ್ತಾ? ಐದು ಕೆಜಿಯ ಸಣ್ಣ ಸಿಲಿಂಡರಿನ ತಲೆ ಮೇಲೇ ಬರ್ನರ್ ತಿರುಗಿಸಿ ಕೂರಿಸಿರುತ್ತಾರೆ. ದೂರದಿಂದ ಪಂಪ್ ಸ್ಟೌವಿನ ಹಾಗೇ ಕಾಣುತ್ತದೆ. ಹತ್ತಿರ ಹೋದರೆ ದಪ್ಪ ಕಬ್ಬಿಣ, ಎಣ್ಣೆ ತುಂಬುವ ಮುಚ್ಚಳ ಇಲ್ಲ, ಪಂಪು ಇಲ್ಲ, ಉರಿಗೆ ತಿರುಗಿಸುವ ಗುಂಡಿ ಇದೆ. ಸಿಲಿಂಡರ್ ಬಿಟ್ಟು ಹೊರಗೆ ಬರುವ ಮೊದಲೇ ಗ್ಯಾಸು ತಾನಾಗೇ ಆವಿಯಾಗಿರುತ್ತದೆ. ಹಾಗಾಗಿ ಕಾಯಿಸುವ ಬಾಗಿದ ಕೊಳವೆಯೂ ಬೇಡ, ಸ್ಪಿರಿಟ್ ಬಟ್ಟಲೂ ಬೇಡ. ಗಾಳಿ ಬೆರೆಯೋಕೆ ಬರ್ನರ್ ಕೆಳಗಿನ ಕೊಳವೆಯಲ್ಲಿ ಕಿಂಡಿ ಇರುತ್ತದೆ, ಅಷ್ಟೇ. ಇದಕ್ಕೆ ಉಲ್ಟಾ, ಕೆಲವು ಹೋಟೆಲ್ ಭಟ್ಟಿಗಳಲ್ಲಿ ಸೀಮೆಎಣ್ಣೆ ಟ್ಯಾಂಕು ದೂರ ನಿಂತು ಪೈಪಿನಲ್ಲಿ ಎಣ್ಣೆ ಬರುತ್ತದೆ. ಟ್ಯಾಂಕಿಗೆ ಪಂಪು ಇದೆಯಾ ಎಂದು ನೋಡಿದರೆ ಅದೂ ಗೊತ್ತಾಗುತ್ತದೆ.

ಇಂಡಕ್ಷನ್‌ಗೆ ಬರ್ನರೂ ಇಲ್ಲ, ಟ್ಯಾಂಕೂ ಇಲ್ಲ. ಚಪ್ಪಟೆ ಗಾಜು, ಒಂದು ವೈರು. ಗೊಂದಲ ಆಗುವುದು ಇನ್‌ಫ್ರಾರೆಡ್ ಒಲೆಯ ಜೊತೆ ಮಾತ್ರ, ಅದೂ ಗಾಜಿನದೇ. ಆನ್ ಮಾಡಿದಾಗ ಗಾಜಿನ ಕೆಳಗೆ ಕೆಂಪಗೆ ಕಂಡು, ಬರೀ ಅಲ್ಯೂಮಿನಿಯಂ ಪಾತ್ರೆಯೂ ಕಾದರೆ ಅದು ಇನ್‌ಫ್ರಾರೆಡ್. ಇಂಡಕ್ಷನ್ ಹಾಗೆ ಕೆಂಪಾಗುವುದಿಲ್ಲ, ಸಾಮಾನ್ಯವಾಗಿ ಆಯಸ್ಕಾಂತ ಅಂಟುವ ತಳದ ಪಾತ್ರೆ ಇಟ್ಟರಷ್ಟೇ ಕಾಯುತ್ತದೆ.