ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಇನ್ನು 18 ದಿನ ಇದೆ. ಓದಿದ್ದೆಲ್ಲ ಮರೆತುಹೋದ ಹಾಗೆ ಅನಿಸುತ್ತದೆ, ರಾತ್ರಿ ನಿದ್ದೆ ಇಲ್ಲ. ಈ ಭಯ ಹೋಗಬೇಕಾದರೆ ಏನು ಮಾಡಬೇಕು?

ನಾನು ಎಸ್‌ಎಸ್‌ಎಲ್‌ಸಿ ಬರೆದಾಗ ನನಗೂ ಹೀಗೇ ಆಗಿತ್ತು, ನನ್ನದು ಗಣಿತ ಪತ್ರಿಕೆ. ಥೇಲ್ಸನ ಪ್ರಮೇಯವನ್ನು ಸಾಧಿಸಬೇಕಿತ್ತು, ನಾಲ್ಕು ಅಂಕ. ತ್ರಿಭುಜ ಎಳೆದೆ, ABC ಎಂದು ಹೆಸರಿಟ್ಟೆ, BCಗೆ ಸಮಾಂತರವಾಗಿ DE ಎಳೆದೆ. ದತ್ತ ಬರೆದೆ, ಸಾಧನೀಯ ಬರೆದೆ. ‘ರಚನೆ’ ಎಂದು ಬರೆದು ಎರಡು ಚುಕ್ಕಿ ಇಟ್ಟೆ. ಅಲ್ಲಿಗೆ ನಿಂತಿತು. ಯಾವ ಬಿಂದುವನ್ನು ಯಾವುದಕ್ಕೆ ಸೇರಿಸಬೇಕು ಎಂಬುದು ಹೊಳೆಯಲೇ ಇಲ್ಲ. ಪುಸ್ತಕದ ಆ ಪುಟ ಕಣ್ಣ ಮುಂದೆಯೇ ಇತ್ತು. ಎಡಪುಟದ ಮೇಲ್ಭಾಗ, ಪಕ್ಕದಲ್ಲಿ ನಾನೇ ಹಳದಿ ಬಣ್ಣ ಬಳಿದ ನಾಲ್ಕು ಸಾಲು. ಹಳದಿ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ.

ನೀನು ನನ್ನ ತಂಗಿಗಿಂತ ಚಿಕ್ಕವಳೋ ಚಿಕ್ಕವನೋ ಇರಬೇಕು, ಆದ್ದರಿಂದ ‘ನೀನು’ ಎಂದೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಆ ಒಂದು ಪ್ರಶ್ನೆಯ ಮೇಲೆ ನಾನು ಮೂವತ್ತೈದು ನಿಮಿಷ ಕುಳಿತೆ. ಕೈ ತಣ್ಣಗಾಗಿತ್ತು, ಪೆನ್ನು ಜಾರುತ್ತಿತ್ತು. ಕೊನೆಗೆ ಸಿಟ್ಟಿನಲ್ಲಿ ಇಡೀ ಉತ್ತರದ ಮೇಲೆ ಅಡ್ಡಗೆರೆ ಎಳೆದೆ. ಆಮೇಲೆ ಉಳಿದ ಸಮಯದಲ್ಲಿ ಓಜೀವ್ ನಕ್ಷೆ ಅರ್ಧಕ್ಕೆ ನಿಂತಿತು. ಶಂಕುವಿನ ಲೆಕ್ಕದಲ್ಲಿ ತ್ರಿಜ್ಯದ ಜಾಗಕ್ಕೆ ವ್ಯಾಸ ಹಾಕಿದೆ. ಸಮಾಂತರ ಶ್ರೇಢಿಯ ಲೆಕ್ಕವನ್ನು ಮುಟ್ಟಲೇ ಇಲ್ಲ, ಅದು ನನಗೆ ಚೆನ್ನಾಗಿ ಬರುತ್ತಿದ್ದ ಲೆಕ್ಕ. ಪಾಸಾದೆ, ಆದರೆ ನಾನು ಅಂದುಕೊಂಡಿದ್ದಕ್ಕಿಂತ ಇಪ್ಪತ್ತು ಅಂಕ ಕಡಿಮೆ. ವರ್ಷಗಳ ಕಾಲ ‘ನನಗೆ ಪರೀಕ್ಷೆಯ ಭಯ, ಅದಕ್ಕೇ ಹಾಗಾಯಿತು’ ಎಂದೇ ಎಲ್ಲರಿಗೂ ಹೇಳಿದೆ. ಅದು ನಿಜವಲ್ಲ. ನಾನು ಮಾಡಿದ ತಪ್ಪು ಪರೀಕ್ಷಾ ಕೊಠಡಿಯಲ್ಲಿ ನಡೆದದ್ದೂ ಅಲ್ಲ. ಅದು ಮೂರು ತಿಂಗಳು ಮನೆಯಲ್ಲಿ, ದಿನವೂ ಬೆಳಿಗ್ಗೆ ಐದು ಗಂಟೆಗೆ ಎದ್ದು ಶ್ರದ್ಧೆಯಿಂದ ಮಾಡಿದ ತಪ್ಪು.

ನಾನು ಓದುತ್ತಿದ್ದೆ. ಬರೀ ಓದುತ್ತಿದ್ದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನೀನೂ ಅದನ್ನೇ ಮಾಡುತ್ತಿದ್ದೀಯ ಎಂಬ ಅನುಮಾನ ನನಗಿದೆ. ಆ ಪ್ರಮೇಯವನ್ನು ನಾನು ಹತ್ತು ಹನ್ನೆರಡು ಸಲವಾದರೂ ಓದಿದ್ದೆ. ಮೊದಲ ಸಲ ಕಷ್ಟವಾಯಿತು, ಮೂರನೆಯ ಸಲಕ್ಕೆ ಸಲೀಸಾಯಿತು, ಆರನೆಯ ಸಲಕ್ಕೆ ಮುಂದಿನ ಸಾಲು ಬರುವ ಮೊದಲೇ ‘ಹೌದು, ಹೌದು’ ಎಂದು ತಲೆಯಾಡಿಸುತ್ತಿದ್ದೆ. ಆ ತಲೆಯಾಡಿಸುವಿಕೆಯನ್ನೇ ನಾನು ಬರುತ್ತದೆ ಎಂದು ತಿಳಿದೆ. ಪುಸ್ತಕ ಮುಚ್ಚಿ, ಬಿಳಿ ಹಾಳೆಯ ಮೇಲೆ ಅದನ್ನು ಒಂದು ಸಲವೂ ಬರೆದಿರಲಿಲ್ಲ. ಊರ ಜಾತ್ರೆಯಲ್ಲಿ ಎಷ್ಟೋ ಮುಖ ಕಂಡ ಕೂಡಲೇ ಗುರುತು ಹತ್ತುತ್ತದೆ, ಆದರೆ ಮನೆಗೆ ಬಂದು ಕಣ್ಣು ಮುಚ್ಚಿ ಆ ಮುಖ ಬಿಡಿಸು ಎಂದರೆ ಮೂಗು ಹೇಗಿತ್ತೆಂದೂ ಗೊತ್ತಿರುವುದಿಲ್ಲ. ಗುರುತು ಹಿಡಿಯುವುದು ಒಂದು ಕೆಲಸ, ನೆನಪಿನಿಂದ ತೆಗೆಯುವುದು ಬೇರೆಯೇ ಕೆಲಸ. ಪರೀಕ್ಷೆ ಕೇಳುವುದು ಎರಡನೆಯದನ್ನು. ನಾನು ಮೂರು ತಿಂಗಳು ಅಭ್ಯಾಸ ಮಾಡಿದ್ದು ಮೊದಲನೆಯದನ್ನು.

ಇದು ನನ್ನೊಬ್ಬನ ಊಹೆಯಲ್ಲ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಓದಿಸಿದರು. ಕೆಲವರು ಅದನ್ನೇ ಮತ್ತೊಮ್ಮೆ ಓದಿದರು, ಇನ್ನು ಕೆಲವರು ಅದನ್ನು ನೋಡದೆ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಿರುಗಿತು: ಬರೆದು ನೋಡಿದವರಿಗೆ ಶೇಕಡಾ 56ರಷ್ಟು ನೆನಪಿತ್ತು, ಮತ್ತೆ ಓದಿದವರಿಗೆ ಶೇಕಡಾ 42ರಷ್ಟು. ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ, ಓದಿಯೇ ಓದಿದವರಿಗೆ ‘ನಮಗೆ ಚೆನ್ನಾಗಿ ನೆನಪಿರುತ್ತದೆ’ ಎಂಬ ನಂಬಿಕೆಯೂ ಹೆಚ್ಚಿತ್ತು. ಆ ನಂಬಿಕೆಯಲ್ಲೇ ನಾನು ಮೋಸ ಹೋದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ‘ಓದಿದ್ದೆಲ್ಲ ಮರೆತುಹೋದ ಹಾಗೆ’ ಎಂದು ಬರೆದಿದ್ದೀಯ. ನಿನಗೆ ಆಗಿರುವುದು ಮರೆವು ಎಂದು ನಾನು ಒಪ್ಪುವುದಿಲ್ಲ. ಒಳಗೆ ಹೋಗಿದೆ, ಹೊರಗೆ ತರುವ ದಾರಿ ಇನ್ನೂ ರೂಢಿಯಾಗಿಲ್ಲ. ನಿನ್ನ ಭಯಕ್ಕೂ ಇದೇ ಕಾರಣ ಎಂದು ನನಗನ್ನಿಸುತ್ತದೆ: ನಿನಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ನಿನಗೇ ಗೊತ್ತಿಲ್ಲ. ಅಳತೆ ಸಿಗದ ಕಡೆ ಮನಸ್ಸು ಕೆಟ್ಟದ್ದನ್ನೇ ಎಣಿಸುತ್ತದೆ. ಹಾಗಾಗಿ ಭಯ ಹೋಗಿಸಲು ಹೊರಡಬೇಡ. ಪರೀಕ್ಷೆಯ ದಿನ ಎದೆ ಹೊಡೆದುಕೊಂಡೇ ಹೊಡೆದುಕೊಳ್ಳುತ್ತದೆ, ಮೊದಲ ಸ್ಥಾನ ಬಂದವರಿಗೂ ಹೊಡೆದುಕೊಳ್ಳುತ್ತದೆ. ಅಳತೆ ತೆಗೆಯುವ ಕೆಲಸ ಇವತ್ತೇ ಶುರು ಮಾಡು.

ನಾನು ಇದನ್ನು ಮಾಡಿ ನೋಡಿದ್ದು ನನ್ನ ತಂಗಿಯ ಜೊತೆ. ಅವಳ ಪರೀಕ್ಷೆಗೆ ಮೂರು ವಾರ ಇತ್ತು. ವಿಜ್ಞಾನದ ‘ಜೀವಕ್ರಿಯೆಗಳು’ ಅಧ್ಯಾಯ ಪೂರ್ತಿ ಬರುತ್ತದೆ ಎಂದಳು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿ ತಿರುಗಿಸಿ ಕೊಟ್ಟು, ಪುಸ್ತಕ ನನ್ನ ಕೈಗೆ ತೆಗೆದುಕೊಂಡೆ. ಹೃದಯದ ಚಿತ್ರ ಬಿಡಿಸಿ, ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಬರೆ ಎಂದೆ. ನಾಲ್ಕು ಕೋಣೆ ಬಿಡಿಸಿದಳು. ಶ್ವಾಸಕೋಶದಿಂದ ಬರುವ ರಕ್ತವನ್ನು ಬಲ ಹೃತ್ಕರ್ಣಕ್ಕೆ ತಂದು ಬಿಟ್ಟಳು. ಬಾಣದ ಗುರುತು ಎರಡು ಕಡೆ ಉಲ್ಟಾ. ಐದಾರು ಸಾಲಾದ ಮೇಲೆ ಪೆನ್ನು ಕೆಳಗಿಟ್ಟು ಅತ್ತಳು. ‘ನನಗೆ ಏನೂ ಬರುವುದಿಲ್ಲ ಅಣ್ಣಾ’ ಎಂದಳು.

ಮೊದಲ ದಿನ ಹೀಗೇ ಆಗುತ್ತದೆ. ಓದುವಾಗ ಸಿಗುತ್ತಿದ್ದ ಸಮಾಧಾನ ಬರೆಯುವಾಗ ಸಿಗುವುದಿಲ್ಲ, ಹೆಚ್ಚಿನವರು ಇಲ್ಲಿಗೇ ಬಿಟ್ಟು ಮತ್ತೆ ಓದಲು ಹೋಗುತ್ತಾರೆ. ಅವಳನ್ನು ನಾನು ಬಿಡಲಿಲ್ಲ. ಕೆಂಪು ಪೆನ್ನು ಕೊಟ್ಟು, ಪುಸ್ತಕ ತೆರೆದು, ಅವಳ ಹಾಳೆಯಲ್ಲಿ ತಪ್ಪಿದ್ದನ್ನು ಅವಳೇ ತಿದ್ದುವಂತೆ ಮಾಡಿದೆ. ಶ್ವಾಸಕೋಶದಿಂದ ಬರುವುದು ಎಡ ಹೃತ್ಕರ್ಣಕ್ಕೆ ಎಂದು ಕೆಂಪಿನಲ್ಲಿ ಬರೆದಳು. ಒಂದು ದಿನ ಬಿಟ್ಟು ಮತ್ತೆ ಬಿಳಿ ಹಾಳೆ. ಈ ಸಲ ರಕ್ತದ ದಾರಿ ಸರಿ ಬಂತು, ಒಂದು ಕವಾಟದ ಹೆಸರು ಮಾತ್ರ ತಪ್ಪಿತು. ಮತ್ತೆ ಒಂದು ವಾರ ಬಿಟ್ಟು ಮೂರನೆಯ ಹಾಳೆ, ಅದರಲ್ಲಿ ಕೆಂಪು ಬೇಕಾಗಲೇ ಇಲ್ಲ. ಅಧ್ಯಾಯದ ಉಳಿದ ಭಾಗವನ್ನೂ ಹೀಗೇ ಮಾಡಿದೆವು. ಓದಲು ಅವಳು ಕೂತದ್ದು ಕೆಂಪು ಬಿದ್ದ ಜಾಗಗಳಿಗೆ ಮಾತ್ರ. ನಿದ್ದೆ ಯಾವಾಗಿನಿಂದ ಬರತೊಡಗಿತು ಎಂದು ಅವಳು ಲೆಕ್ಕ ಇಟ್ಟಿರಲಿಲ್ಲ, ಆದರೆ ಎರಡನೆಯ ವಾರದಲ್ಲಿ ಹತ್ತೂವರೆಗೆ ಅವಳ ಕೋಣೆಯ ದೀಪ ಆರುತ್ತಿತ್ತು.

ನಿನಗೆ 18 ದಿನ ಇದೆ. ಹೊಸ ಅಧ್ಯಾಯಗಳ ಹಿಂದೆ ಓಡಬೇಡ. ದಿನಕ್ಕೆ ಎರಡು ವಿಷಯದಿಂದ ಒಂದೊಂದು ಪಾಠ ತೆಗೆದುಕೊಂಡು, ಮೊದಲು ಬರೆದು ನಂತರ ಪುಸ್ತಕ ತೆರೆ. ಈ ಕ್ರಮ ತಲೆಕೆಳಗಾಗಬಾರದು. ಪರೀಕ್ಷಾ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳಿವೆ, ಕೊನೆಯ ವಾರದಲ್ಲಿ ಎರಡನ್ನಾದರೂ ಗಡಿಯಾರ ಇಟ್ಟುಕೊಂಡು ಪೂರ್ತಿ ಬರೆ.

ಇನ್ನು ಪರೀಕ್ಷಾ ಕೊಠಡಿ. ಅಲ್ಲಿ ತಲೆ ಖಾಲಿಯಾದರೆ ಏನು ಮಾಡಬೇಕು ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಒಂದೇ ಸಲಕ್ಕೆ ಮನಸ್ಸು ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಕೆಲವೇ ಕೆಲವು. ‘ಇದು ಬರದಿದ್ದರೆ ಏನು ಗತಿ’ ಎಂಬ ಯೋಚನೆ ಅದೇ ಜಾಗದಲ್ಲಿ ಬಂದು ಕೂತರೆ ಲೆಕ್ಕಕ್ಕೆ ಜಾಗ ಉಳಿಯುವುದಿಲ್ಲ. ಹಟ ಹಿಡಿದು ಕೂತಷ್ಟೂ ಆ ಯೋಚನೆಯೇ ಬೆಳೆಯುತ್ತದೆ. ನಾನು ಆ ಮೂವತ್ತೈದು ನಿಮಿಷದಲ್ಲಿ ಬೆಳೆಸಿದ್ದು ಅದನ್ನೇ. ಪ್ರಶ್ನೆಪತ್ರಿಕೆ ಓದಲೆಂದು ಕೊಡುವ ಮೊದಲ 15 ನಿಮಿಷದಲ್ಲಿ ನಿನಗೆ ಖಚಿತವಾಗಿ ಬರುವ ಮೂರು ಪ್ರಶ್ನೆಗಳನ್ನು ಹುಡುಕಿ ಇಟ್ಟುಕೋ, ಬರೆಯುವುದನ್ನು ಅವುಗಳಿಂದಲೇ ಶುರು ಮಾಡು. ಯಾವುದೇ ಪ್ರಶ್ನೆಯಲ್ಲಿ ಮೂರು ನಿಮಿಷ ಪೆನ್ನು ಅಲುಗಾಡದಿದ್ದರೆ ಅರ್ಧ ಪುಟ ಖಾಲಿ ಬಿಟ್ಟು ಮುಂದೆ ಹೋಗು. ಬೇರೆ ಲೆಕ್ಕ ಮಾಡುತ್ತಿರುವಾಗ ಅದು ತಾನಾಗಿ ನೆನಪಾಗುವುದುಂಟು. ಎಲ್ಲ ಸಲ ಆಗುತ್ತದೆ ಎಂದು ನಾನು ಹೇಳಲಾರೆ.

ಬರೆದದ್ದನ್ನು ಮಾತ್ರ ಹೊಡೆದು ಹಾಕಬೇಡ. ಪ್ರಮೇಯಕ್ಕೆ ಅಂಕ ಕೊಡುವುದು ಹಂತ ಹಂತವಾಗಿ. ನಾಲ್ಕು ಅಂಕದ ಪ್ರಮೇಯದಲ್ಲಿ ಸಾಮಾನ್ಯವಾಗಿ ಚಿತ್ರಕ್ಕೆ ಅರ್ಧ, ದತ್ತಕ್ಕೆ ಅರ್ಧ, ಸಾಧನೀಯಕ್ಕೆ ಅರ್ಧ, ರಚನೆಗೆ ಅರ್ಧ, ಸಾಧನೆಗೆ ಎರಡು. ನಾನು ಅಡ್ಡಗೆರೆ ಎಳೆದ ಉತ್ತರದಲ್ಲಿ ಆಗಲೇ ಒಂದೂವರೆ ಅಂಕ ಇತ್ತು.

ಮತ್ತೊಂದು ವಿಷಯ ನನ್ನ ಕಾಲಕ್ಕೆ ಇರಲಿಲ್ಲ, ನಿನಗೆ ಇದೆ. 2024ರಿಂದ ನಮ್ಮ ರಾಜ್ಯದಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಮೊದಲ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೋ ಎಂದು ಇದನ್ನು ಹೇಳುತ್ತಿಲ್ಲ. ಮನೆಯಲ್ಲಿ ಯಾರಾದರೂ ‘ಇದೊಂದು ಹೋದರೆ ಜೀವನವೇ ಹೋಯಿತು’ ಎಂದರೆ, ಅದು ಸುಳ್ಳು ಎಂದು ನಿನಗೆ ಗೊತ್ತಿರಲಿ.

ನಿದ್ದೆ ಇಲ್ಲ ಎಂದು ಬರೆದಿರುವೆ. ಹಾಳೆ, ಪೆನ್ನು ಹಿಡಿದು ನಾಲ್ಕೈದು ದಿನವಾದ ಮೇಲೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಇರುವುದೇ ಬೇಡ ಎಂಬ ಯೋಚನೆ ಒಂದು ಸಲ ಬಂದರೂ ಸರಿ, ಅದಕ್ಕೆ ನನ್ನ ಈ ಉತ್ತರ ಸಾಲದು. ಅಪ್ಪ, ಅಮ್ಮ ಅಥವಾ ನೀನು ನಂಬುವ ಶಿಕ್ಷಕರಿಗೆ ಅದೇ ದಿನ ಹೇಳು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ಅಂದ ಹಾಗೆ, ಆ ರಚನೆಯಲ್ಲಿ ಸೇರಿಸಬೇಕಾಗಿದ್ದದ್ದು Bಯನ್ನು Eಗೆ, Cಯನ್ನು Dಗೆ. BDE, CDE ಎಂಬ ಎರಡು ತ್ರಿಭುಜಗಳಿಗೆ DE ಒಂದೇ ಪಾದ, ಎರಡೂ ಅದೇ ಸಮಾಂತರ ರೇಖೆಗಳ ನಡುವೆ ಇವೆ, ಆದ್ದರಿಂದ ವಿಸ್ತೀರ್ಣ ಸಮ. ಎರಡನ್ನೂ ADE ತ್ರಿಭುಜದೊಂದಿಗೆ ಹೋಲಿಸಿದರೆ AD/DB = AE/EC ಬಂದುಬಿಡುತ್ತದೆ. ಈಗ ಓದುವಾಗ ನಿನಗೂ ‘ಹೌದು, ಹೌದು’ ಅನಿಸಿರಬೇಕು. ಇದನ್ನು ಮುಚ್ಚಿಟ್ಟು, ರಾತ್ರಿ ಊಟ ಮುಗಿಸಿ, ಒಂದು ಹಾಳೆಯಲ್ಲಿ ಚಿತ್ರದಿಂದ ಶುರು ಮಾಡಿ ಬರೆ. ಯಾವ ಸಾಲಿನಲ್ಲಿ ನಿಂತಿತು ಎಂಬುದನ್ನು ಇಲ್ಲಿಯೇ ಕೆಳಗೆ ಬರೆದರೆ ನಾಳೆ ಬೆಳಿಗ್ಗೆ ನೋಡಿ ಉತ್ತರಿಸುತ್ತೇನೆ.